ಮಳೆಯಲ್ಲಿ ಕ್ಯಾಮೆರಾ ನೆನೆಯಲಿಲ್ಲ, ಆದರೂ ಕೆಟ್ಟಿತು

ಮೂರು ವರ್ಷದ ಹಿಂದಿನ ಜುಲೈ. ನಾವು ಮೂವರು, ಎರವಲು ತಂದ ಒಂದು ಕ್ಯಾಮೆರಾ, ಎರಡು ಲೆನ್ಸ್, ಅಂಗಿಗೆ ಸಿಕ್ಕಿಸುವ ಒಂದು ವೈರ್‌ಲೆಸ್ ಮೈಕ್. ಬೆಳಗಾವಿ ಬಸ್ ನಿಲ್ದಾಣದಿಂದ ಬೆಳಿಗ್ಗೆ ಆರಕ್ಕೆ ಕೆಂಪು ಬಸ್ ಹತ್ತಿ ಜಾಂಬೋಟಿ ದಾರಿ ಹಿಡಿದಿದ್ದೆವು. ಖಾನಾಪುರ ತಾಲ್ಲೂಕಿನ ಕಾಡಂಚಿನ ಒಂದು ಊರಿನಲ್ಲಿ ನಾಟಿ ನಡೆದಿತ್ತು. ಅದನ್ನು ಚಿತ್ರಿಸುವುದು, ಜೊತೆಗೆ ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಆ ಊರಿನವರು ರೋಗಿಗಳನ್ನು ಹೇಗೆ ಸಾಗಿಸುತ್ತಾರೆ ಎಂದು ಹಿರಿಯರ ಬಾಯಿಂದ ಕೇಳುವುದು ನಮ್ಮ ಕೆಲಸ.

ಮಲಪ್ರಭಾ ಹುಟ್ಟುವುದೇ ಆ ಕಡೆ, ಕಣಕುಂಬಿಯಲ್ಲಿ. ಅಲ್ಲಿಯ ಮಳೆ ಬೆಳಗಾವಿ ಪೇಟೆಯ ಮಳೆಯಂಥದ್ದಲ್ಲ. ಟಿಳಕವಾಡಿಯಲ್ಲಿ ಕೊಡೆ ಹಿಡಿದು ನಡೆಯುವಷ್ಟು ಮಳೆ ಇದ್ದರೆ ಅಲ್ಲಿ ಕೊಡೆಯೊಳಗೂ ನೀರಿನ ಹುಡಿ ಹಾರುತ್ತದೆ. ಅದನ್ನು ಗೊತ್ತುಮಾಡಿಕೊಂಡೇ ಹೋಗಿದ್ದೆವು. ಕ್ಯಾಮೆರಾಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿದ್ದೆವು. ದಿನವಿಡೀ ಒಂದು ಹನಿಯೂ ಅದಕ್ಕೆ ತಾಗಲಿಲ್ಲ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆವು. ಆದರೂ ಆ ದಿನದ ಅರ್ಧ ಚಿತ್ರ ಹೋಯಿತು, ಮಾತು ಪೂರ್ತಿ ಹೋಯಿತು.

ಆಗಿದ್ದು ಹೀಗೆ. ಹನ್ನೊಂದರ ತನಕ ಗದ್ದೆಯ ಬದುವಿನ ಮೇಲೆ ನಿಂತು ನಾಟಿ ತೆಗೆದೆವು. ಆಮೇಲೆ ಒಬ್ಬ ಆಯಿ ತಮ್ಮ ಮನೆಗೆ ಕರೆದರು. ಎಪ್ಪತ್ತು ದಾಟಿದ ಜೀವ. ಹೆಂಚಿನ ಮನೆ, ಒಳಗೆ ಒಲೆ ಉರಿಯುತ್ತಿತ್ತು, ಒಲೆಯ ಮೇಲೆ ಅನ್ನದ ಗುಂಡಿ ಕುದಿಯುತ್ತಿತ್ತು. "ತಮ್ಮಾ, ಮೊದ್ಲ ತಲಿ ಒರಸ್ಕೋರಿ, ಆಮ್ಯಾಲ ನಿಮ್ಮ ಮಶೀನು" ಅಂದರು. ನಾವು ತಲೆ ಒರೆಸಿಕೊಳ್ಳುವ ಮೊದಲೇ ಚೀಲ ಬಿಚ್ಚಿ ಕ್ಯಾಮೆರಾ ಹೊರಗೆ ತೆಗೆದೆವು. ಲೆನ್ಸ್ ಮೇಲೆ ಹಾಲಿನ ಕೆನೆಯಂತೆ ಮಂಜು ಕಟ್ಟಿತು. ಒರೆಸಿದೆವು, ಮತ್ತೆ ಕಟ್ಟಿತು. ಮಳೆ ಇಲ್ಲದ ಜಾಗ ಸಿಕ್ಕಿತಲ್ಲ ಎಂದು ಅಲ್ಲೇ, ಒಲೆಯ ಪಕ್ಕದಲ್ಲೇ, ಲೆನ್ಸ್ ಬಿಚ್ಚಿ ಇನ್ನೊಂದನ್ನು ಹಾಕಿದೆವು. ಇದಕ್ಕಿಂತ ಕೆಟ್ಟ ಜಾಗ ಆ ಊರಿನಲ್ಲಿ ನಮಗೆ ಸಿಗುತ್ತಿರಲಿಲ್ಲ.

ಮಧ್ಯಾಹ್ನ ಮತ್ತೆ ಗದ್ದೆಗೆ ಹೋದಾಗ ಚಿತ್ರವೆಲ್ಲ ಮಬ್ಬು. ಗಾಜನ್ನು ಎಷ್ಟು ಒರೆಸಿದರೂ ಹೋಗದು, ಯಾಕೆಂದರೆ ಮಂಜು ಗಾಜಿನ ಒಳಬದಿಗಿತ್ತು.

ಮರುದಿನ ಬೆಳಗಾವಿಯ ಗಲ್ಲಿಯೊಂದರಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಕಾಕಾ ಒಬ್ಬರ ಹತ್ತಿರ ಒಯ್ದೆವು. ಟಾರ್ಚ್ ಹಿಡಿದು ನೋಡಿ ಅವರು ಅಂದದ್ದು ಇಷ್ಟೇ: "ಇದರಾಗ ಮಳಿ ನೀರು ಹೋಗಿಲ್ರೀ. ಒಳಗಿನ ಹವಾನ ನೀರಾಗೇತಿ." ಆ ಒಂದು ಮಾತು ತಿಳಿಯಲು ನಮಗೆ ಒಂದು ವಾರ ಬೇಕಾಯಿತು.

ತಣ್ಣೀರು ತುಂಬಿದ ತಂಬಿಗೆಯನ್ನು ಅಡುಗೆಮನೆಯಲ್ಲಿ ಇಟ್ಟರೆ ಹೊರಗಡೆ ಬೆವರುತ್ತದಲ್ಲ, ಕ್ಯಾಮೆರಾಗೂ ಅದೇ ಆಗುತ್ತದೆ. ಜುಲೈ ಮಳೆಯಲ್ಲಿ ಆ ಗದ್ದೆಯ ಗಾಳಿ 21, 22 ಡಿಗ್ರಿ ಇರುತ್ತದೆ. ನಾಲ್ಕು ತಾಸು ಹೊರಗಿದ್ದ ಕ್ಯಾಮೆರಾದ ಗಾಜೂ ಲೋಹವೂ ಅಷ್ಟೇ ತಣ್ಣಗಾಗಿರುತ್ತವೆ. ಅಡುಗೆಮನೆಯ ಗಾಳಿ ಬೆಚ್ಚಗೆ, ಅದರಲ್ಲಿ ಅನ್ನದ ಹಬೆ, ಹತ್ತು ಜನರ ಉಸಿರು, ಒದ್ದೆ ಕಂಬಳಿಯ ತೇವ ಎಲ್ಲ ಸೇರಿರುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ನೀರನ್ನು ಹೊತ್ತುಕೊಂಡಿರುತ್ತದೆ, ತಣ್ಣನೆಯ ಗಾಜು ಸಿಕ್ಕ ಕೂಡಲೇ ಅದರ ಮೇಲೆ ಇಳಿಸುತ್ತದೆ. ಹೊರಗಿನ ಗಾಜಿನ ಮೇಲೆ ಇಳಿದರೆ ಸ್ವಲ್ಪ ಹೊತ್ತಿನಲ್ಲಿ ಆರುತ್ತದೆ. ನಾವು ಲೆನ್ಸ್ ಬಿಚ್ಚಿ ಆ ಹಬೆಯ ಗಾಳಿಯನ್ನು ಕ್ಯಾಮೆರಾದೊಳಗೆ ಬಿಟ್ಟು ಮುಚ್ಚಿದೆವು. ಮತ್ತೆ ಮಳೆಗೆ ಹೋದಾಗ ಲೆನ್ಸ್ ತಣ್ಣಗಾಗಿ ಒಳಗಿನ ಗಾಳಿ ಗಾಜಿನ ಒಳಮೈಗೆ ನೀರು ಇಳಿಸಿತು.

ಈಗ ನಾವು ಹೀಗೆ ಮಾಡುತ್ತೇವೆ. ಮನೆಯೊಳಗೆ ಕಾಲಿಡುವ ಮೊದಲು, ಜಗಲಿಯಲ್ಲೇ, ಕ್ಯಾಮೆರಾದ ಹೊರಮೈ ಒರೆಸಿ ಅದನ್ನು ಒಂದು ಒಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಳಗಿನ ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಕಟ್ಟುತ್ತೇವೆ. ಚೀಲದ ಜೊತೆ ಒಳಗೆ ಹೋಗಿ ಕೂರುತ್ತೇವೆ. ಮಂಜು ಕಟ್ಟಿದರೆ ಚೀಲದ ಹೊರಗೆ ಕಟ್ಟುತ್ತದೆ. ಅರ್ಧ ತಾಸಿನಲ್ಲಿ ಕ್ಯಾಮೆರಾ ಮನೆಯಷ್ಟೇ ಬೆಚ್ಚಗಾಗುತ್ತದೆ, ಆಗ ತೆಗೆದರೆ ಗಾಜು ಸ್ವಚ್ಛ. ಆ ಅರ್ಧ ತಾಸು ಚಹಾ ಕುಡಿಯುವುದಕ್ಕೆ, ತಲೆ ಒರೆಸಿಕೊಳ್ಳುವುದಕ್ಕೆ. ಆಯಿ ಹೇಳಿದ್ದೇ ಸರಿಯಿತ್ತು ನೋಡಿ. ಲೆನ್ಸ್ ಬದಲಿಸುವುದಿದ್ದರೆ ಬೆಳಿಗ್ಗೆ ಒಣಗಿದ ಕೋಣೆಯಲ್ಲೇ ಬದಲಿಸಿಕೊಂಡು ಹೊರಡುತ್ತೇವೆ, ಇಡೀ ದಿನ ಅದೊಂದೇ ಲೆನ್ಸಿನಲ್ಲಿ ಕೆಲಸ. ಎಸಿ ಕಾರಿನಿಂದ ಇಳಿದಾಗಲೂ ಇದೇ ಲೆಕ್ಕ. ನಿಮ್ಮ ಮೊಬೈಲ್ ಕ್ಯಾಮೆರಾದ ಗಾಜೂ ಹೀಗೇ ಮಬ್ಬಾಗುತ್ತದೆ, ಅದಕ್ಕೂ ಚೀಲವೇ ಮದ್ದು.

ಇನ್ನು ಮಳೆಯ ಹೊದಿಕೆ. ಅಂಗಡಿಯಲ್ಲಿ ದುಬಾರಿ ಹೊದಿಕೆಗಳು ಸಿಗುತ್ತವೆ. ನಮ್ಮ ಹತ್ತಿರ ಇರುವುದು ದಪ್ಪನೆಯ ಪಾರದರ್ಶಕ ಪಾಲಿಥಿನ್ ಚೀಲ. ಅದರ ತಳದ ಮೂಲೆಯಲ್ಲಿ ಲೆನ್ಸಿನ ಬಾಯಿಗಿಂತ ಸ್ವಲ್ಪ ಚಿಕ್ಕ ರಂಧ್ರ ಕತ್ತರಿಸಿ, ಲೆನ್ಸಿನ ಮುಂದಿನ ಹುಡ್ ಅದರಿಂದ ಹೊರಬರುವಂತೆ ತೂರಿಸಿ, ಹುಡ್ ಮೇಲೆ ಅಗಲದ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಬ್ಯಾಂಡನ್ನು ಲೆನ್ಸಿನ ಮೈಗೆ ಹಾಕಬೇಡಿ, ಫೋಕಸ್ ತಿರುಗದು. ಚೀಲದ ಕೆಳಬಾಯಿ ತೆರೆದೇ ಇರಲಿ, ಕೈ ಅಲ್ಲಿಂದ ಒಳಗೆ ಹೋಗುತ್ತದೆ. ನಾವು ಮೊದಲ ವರ್ಷ ಎಲ್ಲ ಕಡೆ ಟೇಪ್ ಸುತ್ತಿ ಬಿಗಿದಿದ್ದೆವು. ಒಳಗೆ ಕೈಯ ಬೆವರಿನಿಂದಲೇ ಚೀಲ ಹನಿಯಿಡತೊಡಗಿತು. ಗದ್ದೆಯಲ್ಲಿ ಹೆಂಗಸರು ಹೊದ್ದುಕೊಂಡಿದ್ದ ಗೊರಬು ನೋಡಿ ಬುದ್ಧಿ ಬಂತು. ಮೇಲಿಂದ ಬೀಳುವ ನೀರು ಜಾರಿ ಹೋಗಬೇಕು, ಕೆಳಗೆ ಗಾಳಿ ಆಡಬೇಕು. ಅಷ್ಟೇ. ಹುಡ್ ಇಲ್ಲದ ಲೆನ್ಸಿನ ಮುಂದೆ ಹನಿ ಬೀಳುವುದನ್ನು ಯಾವ ಚೀಲವೂ ತಡೆಯದು, ಹಾಗಾಗಿ ಹುಡ್ ಮರೆಯಬೇಡಿ.

ಮೊಬೈಲಿಗಾದರೆ ಇನ್ನೂ ಸರಳ, ಜಿಪ್ ಇರುವ ಚಿಕ್ಕ ಚೀಲ ಸಾಕು. ಹನಿ ಬಿದ್ದ ಪರದೆ ಬೆರಳಿನ ಮಾತು ಕೇಳದು, ಅದಕ್ಕೆ ಧ್ವನಿ ಹೆಚ್ಚಿಸುವ ಗುಂಡಿಯನ್ನೇ ಒತ್ತಿ ಚಿತ್ರ ತೆಗೆಯಿರಿ. ನೀರಿಗೆ ತಡೆಯುತ್ತದೆ ಎಂದು ಬರೆದಿರುವ ಫೋನ್ ಆದರೂ ಚಾರ್ಜಿಂಗ್ ತೂತು ಒದ್ದೆ ಇರುವಾಗ ಚಾರ್ಜ್ ಹಾಕಬೇಡಿ.

ಈಗ ಮಾತಿನ ಕತೆ, ನಮಗೆ ಹೆಚ್ಚು ನೋವು ಕೊಟ್ಟದ್ದು ಅದು.

ಆಯಿ ಆ ದಿನ ಇಪ್ಪತ್ತೈದು ನಿಮಿಷ ಮಾತಾಡಿದರು. ತಮ್ಮ ತಂಗಿಗೆ ಹೆರಿಗೆ ನೋವು ಬಂದಾಗ ಹಳ್ಳ ತುಂಬಿತ್ತು, ಕಟ್ಟಿಗೆಗೆ ಕಂಬಳಿ ಕಟ್ಟಿ ಹೊತ್ತು ನಡೆದರು, ದಂಡೆಯಲ್ಲಿ ನೀರು ಇಳಿಯಲಿ ಎಂದು ಕಾದರು. ಮುಂದಿನದನ್ನು ಅವರು ಒಲೆಯ ಕಡೆ ನೋಡುತ್ತ ಹೇಳಿದರು. ನಾವು ಅಳು ನುಂಗಿಕೊಂಡು ಕೂತಿದ್ದೆವು. ರಾತ್ರಿ ಬೆಳಗಾವಿಗೆ ಬಂದು ಹಾಕಿ ಕೇಳಿದರೆ ಇಪ್ಪತ್ತೈದು ನಿಮಿಷವೂ ಒಗ್ಗರಣೆ ಸಿಡಿದ ಹಾಗೆ ಚಟಪಟ ಸದ್ದು, ಅದರ ಹಿಂದೆ ಎಲ್ಲೋ ಆಯಿಯ ದನಿ. ಯಾವ ಸಾಫ್ಟ್‌ವೇರಿನಿಂದಲೂ ಅದನ್ನು ಬಿಡಿಸಲಾಗಲಿಲ್ಲ. ರೆಕಾರ್ಡ್ ಆಗುವಾಗ ನಾವು ಯಾರೂ ಹೆಡ್‌ಫೋನ್ ಹಾಕಿರಲಿಲ್ಲ. ರೇನ್‌ಕೋಟಿನ ಟೋಪಿ ಅಡ್ಡ ಬರುತ್ತದೆ ಎಂದು ಚೀಲದಲ್ಲೇ ಬಿಟ್ಟಿದ್ದೆವು. ಇದಕ್ಕೆ ನೆಪ ಇಲ್ಲ.

ಅಂಗಿಗೆ ಸಿಕ್ಕಿಸುವ ಈ ಚಿಕ್ಕ ಮೈಕ್‌ಗಳು ಕಂಡೆನ್ಸರ್ ಜಾತಿಯವು. ಒಳಗೆ ಬಹಳ ತೆಳುವಾದ ಒಂದು ಪೊರೆ, ಅದರ ಹಿಂದೆ ಒಂದು ತಟ್ಟೆ, ನಡುವೆ ಅತಿ ಸಣ್ಣ ವಿದ್ಯುತ್ ಚಾರ್ಜ್. ದನಿಗೆ ಪೊರೆ ಅಲುಗಿದಾಗ ಆಗುವ ಬದಲಾವಣೆಯೇ ನಮಗೆ ಮಾತಾಗಿ ಸಿಗುತ್ತದೆ. ಅಲ್ಲಿ ತೇವ ಕೂತರೆ ಆ ಚಾರ್ಜ್ ಸೋರುತ್ತದೆ, ಸೋರುವಾಗ ಚಟಪಟ ಅನ್ನುತ್ತದೆ. ಬೆಳಿಗ್ಗೆಯಿಂದ ಒದ್ದೆ ರೇನ್‌ಕೋಟಿನ ಜೇಬಿನಲ್ಲಿದ್ದ ಮೈಕನ್ನು ತೆಗೆದು ನೇರವಾಗಿ ಆಯಿಯ ಸೀರೆಗೆ ಸಿಕ್ಕಿಸಿದ್ದೆವು. ಕ್ಯಾಮೆರಾದ ಗಾಜಿಗೆ ಆದದ್ದೇ ಮೈಕಿನ ಪೊರೆಗೂ ಆಗಿತ್ತು, ಕಣ್ಣಿಗೆ ಮಾತ್ರ ಕಾಣಲಿಲ್ಲ.

ಈಗ ಮೈಕ್ ಒಣ ಡಬ್ಬಿಯಲ್ಲೇ ಪ್ರಯಾಣ ಮಾಡುತ್ತದೆ. ಮಾತು ಶುರುಮಾಡುವ ಮೊದಲು ಅದನ್ನೂ ಮುಚ್ಚಿದ ಡಬ್ಬಿಯಲ್ಲೇ ಅರ್ಧ ತಾಸು ಮನೆಯೊಳಗೆ ಇಡುತ್ತೇವೆ. ಆಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳುತ್ತೇವೆ. ಒಂದೇ ಒಂದು ಚಟ್ ಕೇಳಿದರೂ ಆ ಮೈಕ್ ಬದಿಗೆ. ತೇವ ಹೊಕ್ಕ ಮೈಕನ್ನು ಒಲೆಗೆ ಹಿಡಿಯಬಾರದು, ಊದಬಾರದು. ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಹೆಚ್ಚಿನವು ಸರಿಹೋಗುತ್ತವೆ. ಬದಲಿಗೆ ಇರಲಿ ಎಂದು ಸಭೆಗಳಲ್ಲಿ ಕೈಯಲ್ಲಿ ಹಿಡಿಯುತ್ತಾರಲ್ಲ, ಆ ಡೈನಾಮಿಕ್ ಮೈಕ್ ಒಂದನ್ನು ಒಯ್ಯುತ್ತೇವೆ. ಅದು ತಂತಿ ಸುರುಳಿಯಿಂದ ಕೆಲಸ ಮಾಡುತ್ತದೆ, ತೇವಕ್ಕೆ ಅಷ್ಟು ಬೇಗ ಹೆದರುವುದಿಲ್ಲ. ಬಾಯಿಗೆ ಹತ್ತಿರ ಹಿಡಿಯಬೇಕು, ಅದೊಂದೇ ತೊಂದರೆ.

ಸೊಂಟಕ್ಕೆ ಕಟ್ಟುವ ಟ್ರಾನ್ಸ್‌ಮಿಟರಿಗೆ ಒಂದು ಬಲೂನಿನ ಕುತ್ತಿಗೆ ಕತ್ತರಿಸಿ ಅಂಗಿ ತೊಡಿಸಿದಂತೆ ತೊಡಿಸುತ್ತೇವೆ. ಬೆವರಿಗೂ ಮಳೆಗೂ ಅದು ಸಾಕು, ಕೆಲಸ ಮುಗಿದ ಕೂಡಲೇ ತೆಗೆದುಬಿಡಬೇಕು. ತಂತಿ ಇರುವ ಕಡೆ, ಜೋಡಿಸುವ ಪಿನ್ನಿಗಿಂತ ಕೆಳಗೆ ತಂತಿ ಸ್ವಲ್ಪ ಜೋತು ಬೀಳಲಿ. ಮನೆಗೆ ಕರೆಂಟಿನ ತಂತಿ ತರುವಾಗ ಲೈನ್‌ಮನ್ ಹಾಗೆಯೇ ಬಿಡುತ್ತಾರೆ, ನೀರು ತಂತಿಗುಂಟ ಹರಿದು ಜೋತ ಜಾಗದಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಪಿನ್ನಿಗೆ ಏರುವುದಿಲ್ಲ. ಕೊಡೆಯ ಕೆಳಗೆ ಮಾತು ತೆಗೆಯುವುದಾದರೆ ಕೊಡೆಯ ಮೇಲೆ ಒಂದು ಕಂಬಳಿ ಹಾಸಿ, ಹನಿಯ ಡೋಲು ಸದ್ದು ಅಡಗುತ್ತದೆ. ತಗಡಿನ ಮಾಡಿಗಿಂತ ಹೆಂಚಿನ ಮನೆ ಎಷ್ಟೋ ವಾಸಿ. ಹೆಂಚಿಗೆ ಹೆಸರಾದ ಖಾನಾಪುರದಲ್ಲಿ ಅದಕ್ಕೇನೂ ಬರವಿಲ್ಲ, ಹೊಸ ಮನೆಗಳಷ್ಟೇ ತಗಡಿಗೆ ಬೀಳುತ್ತಿವೆ.

ಸಿಲಿಕಾ ಜೆಲ್ ಅಂದೆವು. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಚಿಕ್ಕ ಪೊಟ್ಟಣಗಳನ್ನು ನಾವೂ ಕೂಡಿಟ್ಟಿದ್ದೆವು, ಹದಿನೈದು ಇದ್ದವು. ಅವು ಒಂದೊಂದೂ ಕೆಲವೇ ಗ್ರಾಂ, ಜೊತೆಗೆ ನಮ್ಮ ಕೈಗೆ ಬರುವ ಹೊತ್ತಿಗೆ ಅಂಗಡಿಯ ಗಾಳಿಯಲ್ಲೇ ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಅದನ್ನು ನಂಬಿ ಕೂತರೆ ಇದ್ದೂ ಇಲ್ಲದಂತೆ. ಕಾಲೇಜಿನ ಪ್ರಯೋಗಾಲಯಕ್ಕೆ ಸಾಮಾನು ಮಾರುವ ಅಂಗಡಿಯಲ್ಲಿ ಅರ್ಧ ಕಿಲೋ ಬಿಡಿ ಹರಳು ತಂದೆವು. ಗಣಪತ ಗಲ್ಲಿಯಲ್ಲಿ ಮುಚ್ಚಳಕ್ಕೆ ರಬ್ಬರ್ ಸುತ್ತು ಇರುವ ಹದಿನೈದು ಲೀಟರಿನ ಪ್ಲಾಸ್ಟಿಕ್ ಡಬ್ಬಿ ತಂದೆವು. ಒಳಗೆ ಒಂದು ಚಿಕ್ಕ ತೇವಮಾಪಕ ಇಟ್ಟೆವು. ಹಳೆಯ ಮಲ್ ಬಟ್ಟೆಯಲ್ಲಿ ಎರಡು ಚೀಲ ಹೊಲಿದು ಒಂದೊಂದರಲ್ಲಿ ಕಾಲು ಕಿಲೋ ಹರಳು ಕಟ್ಟಿದೆವು. ಹರಳಿನ ಹುಡಿ ಲೆನ್ಸಿಗೆ ಬೀಳಬಾರದು, ಅದಕ್ಕೆ ಬಟ್ಟೆ ಬೇಕು.

ಮಾಪಕದಲ್ಲಿ 40ರಿಂದ 50 ತೋರಿಸಿದರೆ ಸರಿ. 60 ದಾಟಿ ವಾರಗಟ್ಟಲೆ ಇದ್ದರೆ ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ, ಟಾರ್ಚ್ ಬೆಳಕನ್ನು ಹಿಂದಿನಿಂದ ಬಿಟ್ಟು ನೋಡಿದರೆ ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. 30ಕ್ಕಿಂತ ಕೆಳಗೂ ಇಳಿಯಬಾರದು, ರಬ್ಬರು ಒಣಗುತ್ತದೆ.

ಮೊದಲ ವಾರ ನಮ್ಮ ಮಾಪಕ 70ರ ಕೆಳಗೆ ಇಳಿಯಲೇ ಇಲ್ಲ. ಹರಳು ಮೋಸದ್ದು ಎಂದು ಅಂಗಡಿಯವರನ್ನು ಬೈದುಕೊಂಡೆವು. ಆಮೇಲೆ ಕೂತು ಲೆಕ್ಕ ಹಾಕಿದೆವು. ಹದಿನೈದು ಲೀಟರ್ ಮಳೆಗಾಲದ ಗಾಳಿಯಲ್ಲಿ ಇರುವ ನೀರು ಅರ್ಧ ಗ್ರಾಂ ಕೂಡ ಆಗುವುದಿಲ್ಲ. ಅರ್ಧ ಕಿಲೋ ಹರಳು ಅದನ್ನು ಆಟವಾಡುತ್ತ ಕುಡಿಯಬೇಕು. ಹಾಗಾದರೆ ನೀರು ಎಲ್ಲಿಂದ? ಡಬ್ಬಿಯಲ್ಲಿ ಕ್ಯಾಮೆರಾ ಜೊತೆ ಅದರ ಒದ್ದೆ ಪಟ್ಟಿ, ಒದ್ದೆ ಬಟ್ಟೆ, ಸ್ಪಂಜಿನ ಬ್ಯಾಗ್ ಎಲ್ಲವನ್ನೂ ತುರುಕಿದ್ದೆವು. ನೆನೆದ ಸ್ಪಂಜಿನ ಬ್ಯಾಗ್ ಒಂದು ಲೋಟ ನೀರು ಹಿಡಿದಿರುತ್ತದೆ. ಅರ್ಧ ಕಿಲೋ ಹರಳು ಡಬ್ಬಿಯನ್ನು ಒಣದಾಗಿ ಇಟ್ಟುಕೊಂಡು ಕುಡಿಯಬಲ್ಲದ್ದು ನೂರು ಗ್ರಾಂ ಆಸುಪಾಸು, ಅಂದರೆ ಅರ್ಧ ಲೋಟ. ಸಿಲಿಕಾ ಜೆಲ್ ತೇವ ತೆಗೆಯುತ್ತದೆ, ಒದ್ದೆ ಬಟ್ಟೆ ಒಣಗಿಸುವ ಕೆಲಸ ಅದರದ್ದಲ್ಲ. ಬ್ಯಾಗೂ ಪಟ್ಟಿಯೂ ಈಗ ಹಗ್ಗದ ಮೇಲೆ, ಕ್ಯಾಮೆರಾ ಮಾತ್ರ ಡಬ್ಬಿಯಲ್ಲಿ. ಮರುದಿನವೇ ಮಾಪಕ 46ಕ್ಕೆ ಬಂತು.

ನೀಲಿ ಹರಳು ತೇವ ಕುಡಿದಾಗ ಗುಲಾಬಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ವಿಷ. ಸಿಕ್ಕರೆ ಕಿತ್ತಳೆ ಬಣ್ಣದ್ದು ತನ್ನಿ, ಅದು ಹಸಿರಿಗೆ ತಿರುಗುತ್ತದೆ. ಬಿಳಿಯದಾದರೆ ಬಣ್ಣ ಹೇಳುವುದಿಲ್ಲ, ತೂಕ ನೋಡಬೇಕು. ಒಣಗಿದಾಗ 250 ಗ್ರಾಂ ಇದ್ದ ಚೀಲ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 300 ತೂಗಿದರೆ ಅದರ ಕೆಲಸ ಮುಗಿದಿದೆ ಎಂದು ಅರ್ಥ.

ಮುಗಿದ ಹರಳನ್ನು ಎಸೆಯಬೇಕಿಲ್ಲ, ಹುರಿಯಬಹುದು. ಅದಕ್ಕೆಂದೇ ಒಂದು ಹಳೆಯ ಕಬ್ಬಿಣದ ತವೆ ಇಟ್ಟಿದ್ದೇವೆ, ಮತ್ತೆ ರೊಟ್ಟಿಗೆ ಬಳಸುವುದಿಲ್ಲ. ಕಿಟಕಿ ತೆಗೆದು, ಸಣ್ಣ ಉರಿಯಲ್ಲಿ ತೆಳುವಾಗಿ ಹರವಿ, ಕಟ್ಟಿಗೆಯ ಸೌಟಿನಿಂದ ಆಡಿಸುತ್ತ ಇದ್ದರೆ ಮುಕ್ಕಾಲು ತಾಸಿನಲ್ಲಿ ಗುಲಾಬಿ ಹೋಗಿ ಪೂರ್ತಿ ನೀಲಿಯಾಗುತ್ತದೆ. ಬೇಕಾದದ್ದು 110, 120 ಡಿಗ್ರಿ ಬಿಸಿ ಅಷ್ಟೇ. ಅವಸರ ಮಾಡಿ ಉರಿ ಏರಿಸಿದರೆ ಹರಳು ಸಿಡಿಯುತ್ತದೆ, ಕಪ್ಪಾಗುತ್ತದೆ, ಆಮೇಲೆ ಕುಡಿಯುವುದಿಲ್ಲ. ಕಾಲು ಕಿಲೋ ಹಾಗೆ ಸುಟ್ಟುಕೊಂಡೇ ನಾವು ಕಲಿತದ್ದು. ಇನ್ನೊಂದು ತಪ್ಪು, ಆರಲಿ ಎಂದು ತೆರೆದಿಡುವುದು. ಮಳೆಗಾಲದ ಗಾಳಿಯಲ್ಲಿ ಆರುವಷ್ಟರಲ್ಲೇ ಅದು ಮತ್ತೆ ಕುಡಿಯಲು ಶುರು ಮಾಡುತ್ತದೆ. ಬಿಸಿ ಇರುವಾಗಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಿ, ತಣ್ಣಗಾದ ಮೇಲೆ ಬಟ್ಟೆ ಚೀಲಕ್ಕೆ ತುಂಬುತ್ತೇವೆ.

ಊರಿನಿಂದ ಬಂದ ರಾತ್ರಿ ಎಷ್ಟೇ ದಣಿದಿದ್ದರೂ ಇಷ್ಟು ಮಾಡದೆ ಮಲಗುವುದಿಲ್ಲ. ಹೊದಿಕೆ ಬಿಚ್ಚುವ ಮೊದಲು ಹೊದಿಕೆಯನ್ನೇ ಒರೆಸುವುದು, ಇಲ್ಲವಾದರೆ ದಿನವಿಡೀ ತಡೆದ ನೀರು ಬಿಚ್ಚುವಾಗ ಒಳಗೆ ಸುರಿಯುತ್ತದೆ. ಸ್ವಿಚ್ ಆಫ್ ಮಾಡಿ ಬ್ಯಾಟರಿ, ಕಾರ್ಡ್ ತೆಗೆಯುವುದು. ಹತ್ತಿ ಪಂಜೆಯಿಂದ ಒತ್ತಿ ಒತ್ತಿ ನೀರು ಹೀರುವುದು, ಉಜ್ಜುವುದಿಲ್ಲ, ಕೆಸರಿನ ಹರಳು ಗೀಚುತ್ತದೆ. ಜೂಮ್ ಲೆನ್ಸ್ ಮುಂದಕ್ಕೆ ಚಾಚಿದ್ದರೆ ಹಾಗೇ ಚಾಚಿಟ್ಟು ಒರೆಸಿ, ಒಣಗಿದ ಮೇಲೆ ಹಿಂದಕ್ಕೆ ತರುವುದು. ಒದ್ದೆ ಕೊಳವೆಯನ್ನು ಒಳಗೆಳೆದರೆ ನೀರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದು ತಾಸು ಫ್ಯಾನಿನ ಗಾಳಿ, ಹೊರಮೈಯ ನೀರು ಹೋಗುವವರೆಗೆ. ಕೊನೆಗೆ ಡಬ್ಬಿ. ಕೂದಲು ಒಣಗಿಸುವ ಯಂತ್ರ ಬೇಡ, ಅದರ ಬಿಸಿ ಅಂಟುಗಳನ್ನು ಸಡಿಲಿಸುತ್ತದೆ, ಗಾಳಿ ನೀರನ್ನು ಇನ್ನೂ ಒಳಕ್ಕೆ ನೂಕುತ್ತದೆ.

ಒಳಗೆ ನಿಜವಾಗಿ ನೀರು ಹೋಗಿದೆ ಅನ್ನಿಸಿದರೆ ಮಾತ್ರ ಕತೆ ಬೇರೆ. ಆಗ "ಒಮ್ಮೆ ಆನ್ ಮಾಡಿ ನೋಡೋಣ" ಅನ್ನುವುದೇ ಕ್ಯಾಮೆರಾವನ್ನು ಕೊಲ್ಲುತ್ತದೆ. ನೀರಿಗಿಂತ ನೀರಿನಲ್ಲಿ ಹರಿಯುವ ಕರೆಂಟು ಹೆಚ್ಚು ಹಾಳು ಮಾಡುತ್ತದೆ. ಬ್ಯಾಟರಿ ತೆಗೆದು, ಎರಡು ಮೂರು ದಿನ ಡಬ್ಬಿಯಲ್ಲಿಟ್ಟು, ರಿಪೇರಿಯವರ ಹತ್ತಿರ ಒಯ್ಯಿರಿ.

ಅಕ್ಕಿಯಲ್ಲಿ ಹೂತಿಡಿ ಎಂದು ವಾಟ್ಸಾಪಿನಲ್ಲಿ ಬರುತ್ತದೆ. ಮರುವರ್ಷ ಆಯಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. "ಈ ಮಳ್ಯಾಗ ನನ್ನ ಅಕ್ಕಿಗೇ ಹುಳಾ ಬೀಳ್ತಾವು, ಅದು ನಿಮ್ಮ ಮಶೀನ್ ಏನ ಒಣಗಿಸ್ತೇತಿ?" ಜುಲೈ ಅಕ್ಕಿ ತಾನೇ ತೇವದಲ್ಲಿರುತ್ತದೆ, ಮೇಲಾಗಿ ಅದರ ಹಿಟ್ಟು ಸಂದಿಗಳಲ್ಲಿ ಕೂರುತ್ತದೆ. ಅವರು ಬೀಜ ಇಡುವುದು ಒಲೆಯ ಮೇಲಿನ ಅಟ್ಟದಲ್ಲಿ. ಬೀಜಕ್ಕೆ ಅದು ಸರಿ, ಲೆನ್ಸಿಗೆ ಹೊಗೆ ಆಗದು. ಅದರ ಹಿಂದಿನ ಲೆಕ್ಕ ಮಾತ್ರ ನಮಗೂ ಉಪಯೋಗಕ್ಕೆ ಬಂತು. ಗಾಳಿಯನ್ನು 25ರಿಂದ 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ 90 ಇದ್ದ ತೇವದ ಅಂಕಿ 70ರ ಕೆಳಗೆ ಬರುತ್ತದೆ. ಬೀರುವಿನಲ್ಲಿ ಚಿಕ್ಕ ಹಳೆಯ ಕಾಲದ ಬಲ್ಬು ಉರಿಸಿಟ್ಟು ಕ್ಯಾಮೆರಾ ಕಾಯುವವರು ಇದನ್ನೇ ಮಾಡುತ್ತಾರೆ. ಕರೆಂಟು ನಿಲ್ಲುವ ಊರಲ್ಲಿ ಇದನ್ನೊಂದನ್ನೇ ನಂಬಲಾಗದು, ಬಟ್ಟೆಗೆ ಬಲ್ಬು ತಾಗದಂತೆಯೂ ನೋಡಿಕೊಳ್ಳಬೇಕು.

ಆ ಎರಡನೇ ಸಲ ಎಲ್ಲ ಸರಿಯಾಗಿ ಮಾಡಿದೆವು. ಜಗಲಿಯಲ್ಲಿ ಚೀಲ ಕಟ್ಟಿದೆವು, ಚಹಾ ಕುಡಿದೆವು, ಅರ್ಧ ನಿಮಿಷದ ಮೌನ ಕೇಳಿದೆವು. ಬಲೂನು ತೊಟ್ಟ ಟ್ರಾನ್ಸ್‌ಮಿಟರ್ ನೋಡಿ ಮೊಮ್ಮಕ್ಕಳು ಕುಣಿದರು. ಆಯಿ ನಲವತ್ತು ನಿಮಿಷ ಮಾತಾಡಿದರು, ನಾಟಿ ಹಾಡಿನ ಬಗ್ಗೆ, ಆನೆ ಬಂದ ರಾತ್ರಿಯ ಬಗ್ಗೆ, ಹಳ್ಳ ದಾಟುವ ಮಕ್ಕಳ ಬಗ್ಗೆ. ಒಂದೊಂದು ಮಾತೂ ಗಾಜಿನಂತೆ ಸ್ವಚ್ಛವಾಗಿ ಸಿಕ್ಕಿತು. ತಂಗಿಯ ವಿಷಯ ಕೇಳಿದಾಗ ಸೆರಗು ಸರಿಮಾಡಿಕೊಂಡು, "ಅದನ್ನ ಹ್ವಾದ ವರ್ಷ ಹೇಳೀನಲ್ಲ ತಮ್ಮಾ" ಅಂದರು.

ನಾವು ಮತ್ತೆ ಕೇಳಲಿಲ್ಲ. ಚಟಪಟ ಸದ್ದಿನ ಆ ಹಳೆಯ ಇಪ್ಪತ್ತೈದು ನಿಮಿಷವನ್ನು ಇನ್ನೂ ಅಳಿಸಿಲ್ಲ, ಅದರ ಕಾರ್ಡೂ ಡಬ್ಬಿಯಲ್ಲೇ ಇದೆ. ಇವತ್ತು ಮಾಪಕ 52 ತೋರಿಸುತ್ತಿದೆ, ಒಂದು ಚೀಲದ ಹರಳು ಗುಲಾಬಿಯಾಗಿದೆ. ನಾಳೆ ಮತ್ತೆ ಜಾಂಬೋಟಿ ಬಸ್ಸು, ರಾತ್ರಿಯೇ ತವೆ ಇಡಬೇಕು.